ಪ್ರಾಂಶುಪಾಲರಿಗೆ ಇ-ಮೇಲ್ ಬರೆದ ಪೋಷಕರು ತಮ್ಮ ಅನುಭವ ತಿಳಿಸಿ

ಮೈಸೂರಿನ ತಾಯಿ (ಪ್ರಶ್ನೆ): ಮಗಳು ಮೂರನೆಯ ತರಗತಿ. ಶಾಲೆಯ ಶೌಚಾಲಯಕ್ಕೆ ಹೋಗದೆ ದಿನವಿಡೀ ತಡೆದುಕೊಳ್ಳುತ್ತಾಳೆ, ನೀರಿನ ಬಾಟಲಿ ತುಂಬಿದ್ದು ತುಂಬಿದ ಹಾಗೆಯೇ ಮನೆಗೆ ಬರುತ್ತದೆ. ಕಳೆದ ತಿಂಗಳು ಮೂತ್ರದ ಸೋಂಕಾಗಿ ಒಂದು ವಾರ ಔಷಧಿ ಕೊಡಬೇಕಾಯಿತು. ಪ್ರಾಂಶುಪಾಲರಿಗೆ ಇ-ಮೇಲ್ ಬರೆಯಬೇಕೆಂದಿದ್ದೇನೆ. ಮಗುವಿಗೆ ತೊಂದರೆಯಾಗದಂತೆ ಹೇಗೆ ಬರೆಯಲಿ? ಬರೆದು ಅನುಭವವಿದ್ದವರು ದಯವಿಟ್ಟು ಹೇಳಿ.

ಬೆಂಗಳೂರಿನ ತಂದೆ: ನಾನು ಬರೆದದ್ದು ಮಗನ ಚೀಲದ ಭಾರದ ಬಗ್ಗೆ. ಅವನು ಆಗ ಐದನೆಯ ತರಗತಿಯಲ್ಲಿದ್ದ. ಒಂದು ರಾತ್ರಿ ಹನ್ನೊಂದು ಗಂಟೆಗೆ, ಅವನ ಹೆಗಲ ಮೇಲಿನ ಕೆಂಪು ಬರೆಯನ್ನು ನೋಡಿದ ಸಿಟ್ಟಿನಲ್ಲಿ, ಒಂದೂವರೆ ಪುಟ ಬರೆದು ತರಗತಿಯ ನಲವತ್ತು ಪೋಷಕರಿಗೂ ಪ್ರತಿ ಹಾಕಿದೆ. ಒಂಬತ್ತು ದಿನ ಉತ್ತರವೇ ಬರಲಿಲ್ಲ. ಹತ್ತನೆಯ ದಿನ ಒಬ್ಬ ಶಿಕ್ಷಕರು ತರಗತಿಯಲ್ಲೇ ಮಗನನ್ನು ನಿಲ್ಲಿಸಿ "ನಿಮ್ಮ ಅಪ್ಪ ತಾನೆ ಬರೆದದ್ದು?" ಎಂದು ಕೇಳಿದರಂತೆ. ಆ ಸಂಜೆ ಅವನು ಊಟ ಮಾಡಲಿಲ್ಲ. ಆ ಪತ್ರದ ಬಗ್ಗೆ ನನಗೆ ಇಂದಿಗೂ ನೋವಿದೆ.

ಎರಡನೆಯ ಬಾರಿ ಬೇರೆ ರೀತಿ ಮಾಡಿದೆ. ವಿಮಾನ ಪ್ರಯಾಣಕ್ಕೆ ಸೂಟ್‌ಕೇಸು ತೂಗುವ ಕೊಕ್ಕೆಯ ತಕ್ಕಡಿಯನ್ನು 480 ರೂಪಾಯಿಗೆ ಕೊಂಡು, ಐದು ದಿನ ಬೆಳಿಗ್ಗೆ ಬಸ್ಸು ಬರುವ ಮೊದಲು ಬಾಗಿಲ ಬಳಿಯೇ ಚೀಲ ತೂಗಿದೆ. ಸೋಮವಾರ 5.1 ಕಿಲೋ, ಮಂಗಳವಾರ 5.6, ಉಳಿದ ದಿನಗಳಲ್ಲಿ ನಾಲ್ಕೂವರೆಗಿಂತ ಕಡಿಮೆ ಇರಲಿಲ್ಲ. ಮಗನ ತೂಕ 27 ಕಿಲೋ. ರಾಜ್ಯ ಸರ್ಕಾರದ 2019ರ ಆದೇಶ ಮೂರರಿಂದ ಐದನೆಯ ತರಗತಿಯವರೆಗೆ ಎರಡರಿಂದ ಮೂರು ಕಿಲೋ ಮಾತ್ರ ಎನ್ನುತ್ತದೆ. ಆದರೆ ಚೀಲದಲ್ಲಿದ್ದುದನ್ನೆಲ್ಲ ನೆಲದ ಮೇಲೆ ಹರಡಿ ತೂಗಿದಾಗ ನೀರು ತುಂಬಿದ ಸ್ಟೀಲ್ ಬಾಟಲಿಯೇ 1.3 ಕಿಲೋ, ಖಾಲಿ ಚೀಲವೇ 900 ಗ್ರಾಂ ಇತ್ತು. ಅವೆರಡನ್ನೂ ಕೊಟ್ಟವನು ನಾನು. ಅದನ್ನು ಪತ್ರದಲ್ಲಿ ನಾನೇ ಮೊದಲು ಬರೆದು, ಬದಲಾಯಿಸುತ್ತಿದ್ದೇನೆ ಎಂದು ತಿಳಿಸಿ, ಉಳಿದದ್ದಕ್ಕೆ ಒಂದೇ ಕೋರಿಕೆ ಇಟ್ಟೆ: ವಿಜ್ಞಾನ ಮತ್ತು ಸಮಾಜದ ವರ್ಕ್‌ಬುಕ್ಕುಗಳು ತರಗತಿಯ ಬೀರುವಿನಲ್ಲೇ ಇರಲಿ. ನಾಲ್ಕನೆಯ ದಿನ ಉತ್ತರ ಬಂತು, ವರ್ಕ್‌ಬುಕ್ಕುಗಳು ಶಾಲೆಯಲ್ಲೇ ಉಳಿದವು. ಆದರೂ ಮಂಗಳವಾರದ ಚೀಲ ಇಂದಿಗೂ ಮೂರೂವರೆ ಕಿಲೋ ಇದೆ. ಹಗುರವಾದ ಚೀಲಕ್ಕೆ 1,900 ರೂಪಾಯಿ, ಫಿಸಿಯೋಥೆರಪಿಗೆ ಮೂರು ಬಾರಿ 600ರಂತೆ ಖರ್ಚಾದದ್ದು ಬೇರೆ.

ಹುಬ್ಬಳ್ಳಿಯ ತಂದೆ: ಇಷ್ಟು ತಗ್ಗಿಬಗ್ಗಿ ಬರೆಯುವ ಅಗತ್ಯ ಏನಿದೆ, ಸರ್? ಶಿಕ್ಷಣ ಹಕ್ಕು ಕಾಯ್ದೆ ಬಂದದ್ದು 2009ರಲ್ಲಿ. ಗಂಡು ಮತ್ತು ಹೆಣ್ಣು ಮಕ್ಕಳಿಗೆ ಪ್ರತ್ಯೇಕ ಶೌಚಾಲಯ, ಸುರಕ್ಷಿತ ಕುಡಿಯುವ ನೀರು ಇರಲೇಬೇಕೆಂದು ಅದರ ಅನುಸೂಚಿಯಲ್ಲೇ ಇದೆ. ಆ ಕಲಮನ್ನು ಮೊದಲ ಸಾಲಿನಲ್ಲೇ ಬರೆದು, ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ ಪ್ರತಿ ಹಾಕಿದರೆ ಶಾಲೆಯವರು ತಾವಾಗಿಯೇ ಕರೆಯುತ್ತಾರೆ. ನನ್ನ ಮಗನಿಗೆ ಒಬ್ಬರು ಅಡಿಕೋಲಿನಿಂದ ಮೊಣಕೈಗೆ ಹೊಡೆದಾಗ ನಾನು ಹಾಗೆಯೇ ಮಾಡಿದೆ. ಕಾಯ್ದೆಯ 17ನೆಯ ಕಲಮು ದೈಹಿಕ ಶಿಕ್ಷೆಯನ್ನು ನಿಷೇಧಿಸಿದೆ. ಎರಡೇ ದಿನದಲ್ಲಿ ಆಡಳಿತ ಮಂಡಳಿಯವರು ಕರೆದು ಕ್ಷಮೆ ಕೇಳಿದರು.

ಬೆಂಗಳೂರಿನ ತಂದೆ: ಆಮೇಲೆ ಏನಾಯಿತೆಂಬುದನ್ನೂ ಬರೆಯಿರಿ, ಸರ್. ಮಗ ಈಗ ಅದೇ ಶಾಲೆಯಲ್ಲಿ ಇದ್ದಾನೆಯೇ?

ಹುಬ್ಬಳ್ಳಿಯ ತಂದೆ: ಇಲ್ಲ. ಆ ವರ್ಷದ ಕೊನೆಗೆ ನಾವೇ ಬಿಡಿಸಿದೆವು. ಯಾರೂ ಅವನನ್ನು ಏನೂ ಅನ್ನಲಿಲ್ಲ, ಆದರೆ ಯಾರೂ ಮಾತನಾಡಿಸಲೂ ಇಲ್ಲ. ಹೊಸ ಶಾಲೆಯ ಪ್ರವೇಶಕ್ಕೆ 62,000, ಸಮವಸ್ತ್ರಕ್ಕೆ 7,400, ವರ್ಗಾವಣೆ ಪತ್ರಕ್ಕಾಗಿ ಐದು ಬಾರಿ ಓಡಾಟ. ಆದರೂ ನಾನು ಮಾಡಿದ್ದು ಸರಿ ಎಂದೇ ಹೇಳುತ್ತೇನೆ. ಹೊಡೆದ ಕೈಗೆ ಮನವಿ ಪತ್ರ ಬರೆಯಲು ನನ್ನಿಂದಾಗದು, ನೀವು ಬೇಕಾದರೆ ಬರೆಯಿರಿ.

ನಿವೃತ್ತ ಮುಖ್ಯೋಪಾಧ್ಯಾಯಿನಿ: ಹನ್ನೊಂದು ವರ್ಷ ಇಂಥ ಪತ್ರಗಳನ್ನು ನಾನು ಮೇಜಿನ ಆ ಕಡೆ ಕುಳಿತು ಓದಿದ್ದೇನೆ. ಹುಬ್ಬಳ್ಳಿಯವರ ಸಂಗತಿ ಬೇರೆ. ಹೊಡೆದದ್ದಕ್ಕೆ ಕಾನೂನಿನ ಮಾತು ಮೊದಲ ಸಾಲಿನಲ್ಲೇ ಬರಬೇಕು, ಅವರು ಮಾಡಿದ್ದರಲ್ಲಿ ತಪ್ಪಿಲ್ಲ. ಆದರೆ ಶೌಚಾಲಯದ ವಿಷಯಕ್ಕೆ ಅನುಸೂಚಿಯನ್ನು ಉಲ್ಲೇಖಿಸಿದರೆ "ನಮ್ಮಲ್ಲಿ ಪ್ರತ್ಯೇಕ ಶೌಚಾಲಯವಿದೆ" ಎಂಬ ಒಂದು ಸಾಲಿನ ಉತ್ತರ ಬರುತ್ತದೆ, ಅದು ಸತ್ಯವೂ ಆಗಿರುತ್ತದೆ. ಕಟ್ಟಡ ಇದೆಯೇ ಎಂಬುದು ಕಾಯ್ದೆಯ ಪ್ರಶ್ನೆ. ಎಂಟು ವರ್ಷದ ಹುಡುಗಿ ಅದರೊಳಗೆ ಏಕೆ ಹೋಗುತ್ತಿಲ್ಲ ಎಂಬುದು ತಾಯಿಯ ಪ್ರಶ್ನೆ.

"ಶೌಚಾಲಯಗಳು ತುಂಬಾ ಗಲೀಜಾಗಿವೆ, ದಯವಿಟ್ಟು ಗಮನಿಸಿ" ಎಂದು ವರ್ಷಕ್ಕೆ ಐದಾರು ಪತ್ರಗಳು ಬರುತ್ತಿದ್ದವು. ನಾನು ಆಯಾಳನ್ನು ಕರೆದು ಹೇಳುತ್ತಿದ್ದೆ, ಅವಳು "ಬೆಳಿಗ್ಗೆ ತೊಳೆದಿದ್ದೇನೆ ಮೇಡಂ" ಎನ್ನುತ್ತಿದ್ದಳು, ತೊಳೆದೂ ಇರುತ್ತಿದ್ದಳು, ಅಲ್ಲಿಗೆ ಮುಗಿಯುತ್ತಿತ್ತು. ನನ್ನನ್ನು ಕುರ್ಚಿಯಿಂದ ಎಬ್ಬಿಸಿದ ಪತ್ರ ಒಂದೇ. ಅದರಲ್ಲಿದ್ದದ್ದು ಹೆಚ್ಚುಕಡಿಮೆ ಹೀಗೆ:

"ಗೌರವಾನ್ವಿತ ಮುಖ್ಯೋಪಾಧ್ಯಾಯಿನಿಯವರಿಗೆ ನಮಸ್ಕಾರಗಳು. ನನ್ನ ಮಗಳು ಎರಡನೆಯ ತರಗತಿಯ ಎ ವಿಭಾಗದಲ್ಲಿದ್ದಾಳೆ. ಕಳೆದ ಎರಡು ವಾರಗಳಲ್ಲಿ ಏಳು ದಿನ ಅವಳು ಶಾಲೆಯಲ್ಲಿ ಶೌಚಾಲಯಕ್ಕೆ ಹೋಗದೆ ಮನೆಗೆ ಬಂದಿದ್ದಾಳೆ. ಕಾರಣ ಕೇಳಿದಾಗ 'ಇಂಟರ್ವಲ್‌ನಲ್ಲಿ ನೆಲದ ಮೇಲೆ ನೀರು ನಿಂತಿರುತ್ತೆ, ಸಾಕ್ಸ್ ಒದ್ದೆ ಆದ್ರೆ ಬೈತಾರೆ' ಎಂದಳು. ನಾನು ನೋಡಿಲ್ಲ, ಅವಳು ಹೇಳಿದ್ದನ್ನು ಹಾಗೆಯೇ ಬರೆದಿದ್ದೇನೆ. ಎರಡರಿಂದ ಮೂರು ಗಂಟೆಗೊಮ್ಮೆ ಅವಳು ಹೋಗಲೇಬೇಕೆಂದು ವೈದ್ಯರು ಬರೆದುಕೊಟ್ಟ ಚೀಟಿ ಲಗತ್ತಿಸಿದೆ. ಕೆಳಮಹಡಿಯ ಶೌಚಾಲಯವನ್ನು ಇಂಟರ್ವಲ್ ವೇಳೆಗೆ ಒಮ್ಮೆ ನೋಡಿಸಬೇಕೆಂದೂ, ಅಲ್ಲಿಯವರೆಗೆ ಪಾಠದ ನಡುವೆ ಹೋಗಲು ಅವಳಿಗೆ ಅನುಮತಿ ಇರಬೇಕೆಂದೂ ಕೋರುತ್ತೇನೆ. ಮುಂದಿನ ಶುಕ್ರವಾರ ತಮ್ಮನ್ನು ಕಂಡು ಮಾತನಾಡಬಹುದೇ?"

ಬೆಳಿಗ್ಗೆ ಒಂಬತ್ತಕ್ಕೆ ನೋಡಿದ್ದರೆ ನನಗೂ ಒಣ ನೆಲವೇ ಕಾಣುತ್ತಿತ್ತು. ಅವರು ಇಂಟರ್ವಲ್ ಎಂದು ಬರೆದಿದ್ದರಿಂದ 10.50ಕ್ಕೆ ಹೋದೆ. ನೀರು ಹೋಗುವ ಜಾಲರಿಗೆ ಚಾಕೊಲೇಟ್ ಕಾಗದ, ಕೂದಲು ಸಿಕ್ಕಿಕೊಂಡು ಹೊಸ್ತಿಲವರೆಗೂ ನೀರು ನಿಂತಿತ್ತು. ಪುಟ್ಟ ಹುಡುಗಿಯೊಬ್ಬಳು ಬೂಟುಗಳನ್ನು ಹೊರಗೆ ಬಿಟ್ಟು, ಸಾಕ್ಸುಗಳನ್ನು ಮುಷ್ಟಿಯಲ್ಲಿ ಹಿಡಿದು, ತುದಿಗಾಲಿನಲ್ಲಿ ಒಳಗೆ ಹೋಗುತ್ತಿದ್ದಳು. ಪ್ಲಂಬರ್‌ಗೆ 1,400 ರೂಪಾಯಿ ಕೊಟ್ಟು ನಾಲ್ಕು ದಿನಗಳಲ್ಲಿ ಸರಿ ಮಾಡಿಸಿದೆವು. ಇಂಟರ್ವಲ್ ನಂತರ ತೊಳೆಯಲು ಇನ್ನೊಬ್ಬ ಆಯಾ ಬೇಕೆಂದು ಕೇಳಿದ್ದನ್ನು ಮಾತ್ರ ಆಡಳಿತ ಮಂಡಳಿ ಆ ವರ್ಷ ಒಪ್ಪಲಿಲ್ಲ. ಆ ತಾಯಿಗೆ ಅದನ್ನೂ ಹೇಳಿದೆ.

ಇನ್ನೊಂದು ಮಾತು. ಪತ್ರ ಕ್ಲಾಸ್ ಟೀಚರ್ ಕೈಗೆ ಹೋಗಿಯೇ ಹೋಗುತ್ತದೆ. ಅವರು ಓದಿದಾಗ ಅವಮಾನವಾಗದಂತೆ ಬರೆಯಿರಿ, ಮಗುವಿಗೆ ಅದಕ್ಕಿಂತ ದೊಡ್ಡ ರಕ್ಷಣೆ ನನಗೆ ತಿಳಿದಂತೆ ಬೇರೆ ಇಲ್ಲ. ಬೇರೆ ಮಕ್ಕಳ ಹೆಸರು ಹಾಕಬೇಡಿ. ಪ್ರಯೋಗಾಲಯದ ವರದಿ ಲಗತ್ತಿಸಬೇಡಿ, ವೈದ್ಯರ ಎರಡು ಸಾಲಿನ ಚೀಟಿ ಸಾಕು, ಏಕೆಂದರೆ ಇ-ಮೇಲ್ ಕಚೇರಿಯಲ್ಲಿ ಎಷ್ಟು ಜನರ ಕಣ್ಣಿಗೆ ಬೀಳುತ್ತದೆಂದು ನಿಮಗೆ ಗೊತ್ತಿರುವುದಿಲ್ಲ.

ಶಿವಮೊಗ್ಗದ ತಾಯಿ: ಇಷ್ಟೆಲ್ಲ ಹೇಳಿದವರು ಯಾವ ಭಾಷೆಯಲ್ಲಿ ಬರೆಯಬೇಕೆಂದು ಮಾತ್ರ ಹೇಳಲಿಲ್ಲ. ಮಗನ ಬಸ್ಸು ದಿನವೂ ಇಪ್ಪತ್ತು ನಿಮಿಷ ತಡವಾಗಿ ಬರುತ್ತಿದ್ದಾಗ ನಾನು ಕನ್ನಡದಲ್ಲಿ ಬರೆದೆ. ಇಂಗ್ಲಿಷಿನಲ್ಲಿ ಕಳುಹಿಸಿ ಎಂದು ಕಚೇರಿಯಿಂದ ಮರುದಿನವೇ ಉತ್ತರ ಬಂತು. ನಾನು ಒಪ್ಪಲಿಲ್ಲ, ಅದೇ ಪತ್ರವನ್ನು ಮತ್ತೆ ಕನ್ನಡದಲ್ಲೇ ಕಳುಹಿಸಿದೆ. ಮೂರು ವಾರ ಹೋಯಿತು, ಆದರೆ ಕೊನೆಗೆ ಕನ್ನಡದಲ್ಲೇ ಉತ್ತರ ಕೊಟ್ಟರು. ನನಗೆ ಅದರ ಬಗ್ಗೆ ಹೆಮ್ಮೆ ಇದೆ.

ಬೆಂಗಳೂರಿನ ತಂದೆ: ಆ ಮೂರು ವಾರ ಮಗು ರಸ್ತೆಯಲ್ಲಿ ನಿಂತಿತ್ತಲ್ಲ, ಮೇಡಂ. ನಮ್ಮ ಪ್ರಾಂಶುಪಾಲರು ಕನ್ನಡ ಓದಲಾರರು. ಓದಲಾರದವರಿಗೆ ಬರೆದರೆ ಅವರಿಗೆ ಸಿಗುವುದು ಗುಮಾಸ್ತರು ಹೇಳಿದ ಸಾರಾಂಶ ಮಾತ್ರ.

ಶಿವಮೊಗ್ಗದ ತಾಯಿ: ಮಗು ರಸ್ತೆಯಲ್ಲಿ ಒಂಟಿಯಾಗಿ ನಿಂತಿರಲಿಲ್ಲ, ಪಕ್ಕದಲ್ಲಿ ನಾನೂ ನಿಂತಿದ್ದೆ. ನನ್ನ ಮಗುವಿನ ತೊಂದರೆಯನ್ನು ನನಗೆ ಸರಿಯಾಗಿ ಬರುವ ಭಾಷೆಯಲ್ಲಿ ಹೇಳುವುದು ತಪ್ಪೆಂದು ನೀವು ಹೇಳುತ್ತಿದ್ದೀರಿ. ನಾನು ಇಂಗ್ಲಿಷಿನಲ್ಲಿ ಬರೆದರೆ ಮನವಿ ಮಾಡಲು ಹೋಗಿ ಆಜ್ಞೆ ಮಾಡಿದಂತಾಗುತ್ತದೆ. ಅಂಥ ಪತ್ರ ಬೇಕೇ?

ನಿವೃತ್ತ ಮುಖ್ಯೋಪಾಧ್ಯಾಯಿನಿ: ನೀವಿಬ್ಬರೂ ಬೇರೆ ಬೇರೆ ಶಾಲೆಗಳ ಬಗ್ಗೆ ಮಾತನಾಡುತ್ತಿದ್ದೀರಿ. ಪ್ರಾಂಶುಪಾಲರು ಓದುವ ಭಾಷೆಯಲ್ಲಿ ಬರೆಯಿರಿ, ಆದರೆ ಮಗು ಆಡಿದ ಮಾತನ್ನು ಮಾತ್ರ ಮಗು ಆಡಿದ ಹಾಗೆಯೇ ಇಡಿ.

ದಾವಣಗೆರೆಯ ತಾಯಿ: ನಮ್ಮ ಮಗಳಿಗೂ ಇದೇ ಆಗಿತ್ತು. ಮೂತ್ರದ ಕಲ್ಚರ್ ಪರೀಕ್ಷೆಗೆ 750 ರೂಪಾಯಿ, ಮೊದಲ ಸಲ ಮಾದರಿ ಸರಿಯಾಗಿ ಹಿಡಿಯಲಾಗದೆ ಎರಡನೆಯ ಸಲ ಮತ್ತೆ 750. ವರದಿ ಬರಲು ಮೂರು ದಿನ, ಅಷ್ಟು ದಿನವೂ ಜ್ವರ. ತುಂಬಾ ಗೌರವದಿಂದಲೇ ಬರೆದೆ, ಶಾಲೆಯವರು ಮೂರೇ ದಿನದಲ್ಲಿ ಶೌಚಾಲಯಕ್ಕೆ ಹೊಸ ಬಕೆಟ್ಟು, ಮಗ್ಗು, ಸೋಪು ಎಲ್ಲ ಇಟ್ಟರು. ಮಗಳು ಆಮೇಲೂ ಹೋಗಲಿಲ್ಲ. ಎರಡು ತಿಂಗಳ ನಂತರ ಅವಳ ಅಜ್ಜಿಯ ಬಳಿ ಹೇಳಿದಳು: ಪಾಠದ ನಡುವೆ ಕೇಳಿದರೆ ಮಿಸ್ "ಈಗಷ್ಟೇ ಇಂಟರ್ವಲ್ ಆಯಿತಲ್ಲ" ಎನ್ನುತ್ತಾರೆ, ಎಲ್ಲರೂ ನಗುತ್ತಾರೆ, ಅದಕ್ಕೆ ನೀರನ್ನೇ ಕುಡಿಯುವುದಿಲ್ಲ. ನಾನು ಕಾರಣ ಗಲೀಜೆಂದು ನನ್ನಷ್ಟಕ್ಕೆ ಊಹಿಸಿ ಬರೆದಿದ್ದೆ. ಎರಡನೆಯ ಪತ್ರ ಬರೆಯಲು ಬಹಳ ಸಂಕೋಚವಾಯಿತು. ಬರೆದೆ. ಈಗ ಹೋಗುತ್ತಾಳೆ, ಆದರೆ ದಿನವೂ ಅಲ್ಲ.

ಹುಬ್ಬಳ್ಳಿಯ ತಂದೆ: ನಗುವ ಮಕ್ಕಳನ್ನು ಸುಮ್ಮನಾಗಿಸದ ಶಿಕ್ಷಕಿಗೆ ಅವಮಾನವಾಗಬಾರದೆಂದು ಇಲ್ಲಿ ಎಲ್ಲರೂ ಕಾಳಜಿ ಮಾಡುತ್ತಿದ್ದಾರೆ. ಮಗುವಿಗಾದ ಅವಮಾನವನ್ನು ಯಾರು ಬರೆಯಬೇಕು?

ದಾವಣಗೆರೆಯ ತಾಯಿ: ನಾನೇ ಬರೆದೆ, ಸರ್. ಶಿಕ್ಷಕಿಯ ಹೆಸರಿಲ್ಲದೆ ಬರೆದೆ, ಅಷ್ಟೇ. ನನ್ನ ಮಗಳು ಇನ್ನೂ ಎಂಟು ತಿಂಗಳು ಅವರ ಮುಂದೆಯೇ ಕುಳಿತುಕೊಳ್ಳಬೇಕಾಗಿತ್ತು.

ಮೈಸೂರಿನ ತಾಯಿ: ಎಲ್ಲರಿಗೂ ಧನ್ಯವಾದಗಳು. ದಾವಣಗೆರೆಯವರ ಮಾತು ಓದಿದ ಮೇಲೆ ನಿನ್ನೆ ರಾತ್ರಿ ತಲೆ ಬಾಚುತ್ತಾ ಮಗಳನ್ನು ಕೇಳಿದೆ. ಚಿಲಕ ತುಂಬಾ ಮೇಲಿದೆ, ತನ್ನ ಕೈಗೆ ಎಟುಕುವುದಿಲ್ಲ ಎಂದಳು. ಕಳೆದ ವರ್ಷ ಗೆಳತಿ ಹೊರಗೆ ನಿಂತು ಬಾಗಿಲು ಹಿಡಿದುಕೊಳ್ಳುತ್ತಿದ್ದಳಂತೆ, ಈ ಜೂನ್‌ನಿಂದ ಅವಳು ಬಿ ವಿಭಾಗಕ್ಕೆ ಹೋಗಿದ್ದಾಳೆ. ನಾನು ಬರೆದಿಟ್ಟುಕೊಂಡಿದ್ದ ಮುಕ್ಕಾಲು ಪುಟದಲ್ಲಿ ಸ್ವಚ್ಛತೆಯ ಬಗ್ಗೆಯೇ ಹದಿನಾಲ್ಕು ಸಾಲುಗಳಿದ್ದವು, ಅವನ್ನೆಲ್ಲ ತೆಗೆದೆ. ಮೂರನೆಯ ತರಗತಿಯ ಮಕ್ಕಳು ಬಳಸುವ ಒಂದು ಬಾಗಿಲಿಗಾದರೂ ಕೆಳಗೆ ಇನ್ನೊಂದು ಚಿಲಕ ಹಾಕಿಸಬೇಕೆಂದೂ, ಹಾಕಿಸುವವರೆಗೆ ಆಯಾ ಬಾಗಿಲ ಬಳಿ ನಿಲ್ಲಬೇಕೆಂದೂ ಕೇಳಿ ಇಂದು ಬೆಳಿಗ್ಗೆ ಕಳುಹಿಸಿದ್ದೇನೆ. ಯಾರಿಗೂ ಪ್ರತಿ ಹಾಕಿಲ್ಲ. ಚಿಲಕದ ಖರ್ಚು ನಾನೇ ಕೊಡುತ್ತೇನೆ ಎಂದು ಬರೆಯಬೇಕೋ ಬೇಡವೋ ತಿಳಿಯದೆ ಬಿಟ್ಟೆ.

ಹುಬ್ಬಳ್ಳಿಯ ತಂದೆ: ಬಿಟ್ಟದ್ದು ಒಳ್ಳೆಯದಾಯಿತು, ಅಕ್ಕ. ಶುಲ್ಕ ಕಟ್ಟಿದ ಮೇಲೆ ಚಿಲಕ ಅವರ ಜವಾಬ್ದಾರಿ.

ನಿವೃತ್ತ ಮುಖ್ಯೋಪಾಧ್ಯಾಯಿನಿ: ಈ ಒಂದು ಮಾತಿನಲ್ಲಿ ನಾನೂ ಹುಬ್ಬಳ್ಳಿಯವರ ಪರ. ಒಂದು ವಾರದಲ್ಲಿ ಉತ್ತರ ಬಾರದಿದ್ದರೆ ಹೊಸ ಪತ್ರ ಬರೆಯಬೇಡಿ, ಇದೇ ಪತ್ರದ ಕೆಳಗೆ ಎರಡು ಸಾಲು ಸೇರಿಸಿ ಮತ್ತೆ ಕಳುಹಿಸಿ, ಮೊದಲ ದಿನಾಂಕ ಅವರ ಕಣ್ಣಿಗೆ ಕಾಣುವಂತಿರಲಿ.