ಸಹಾಯ ಬೇಕು: ಎನ್‌ಪಿಎಸ್ ನಿವೃತ್ತಿ, ಆನ್ಯುಟಿ ಯಾವುದು ಆರಿಸಬೇಕು?

ನಮಸ್ಕಾರ್ರಿ. 2006ರ ಏಪ್ರಿಲ್ ನಂತರ ಸೇವೆಗೆ ಸೇರಿದ ಹಾವೇರಿಯ ಶಿಕ್ಷಕರೊಬ್ಬರು ಸದ್ಯದಲ್ಲೇ ನಿವೃತ್ತರಾಗುತ್ತಾರೆ. ಅವರ ಪ್ರಾನ್ ಖಾತೆಯಲ್ಲಿ ಸುಮಾರು 40 ಲಕ್ಷ ಇದೆ. ಕನಿಷ್ಠ ಶೇ. 40, ಅಂದರೆ 16 ಲಕ್ಷ, ಆನ್ಯುಟಿಗೆ ಹೋಗಲೇಬೇಕು. ಉಳಿದ 24 ಲಕ್ಷ ಕೈಗೆ ಬರುತ್ತದೆ. ವರ್ಷಕ್ಕೆ ಶೇ. 6.5 ದರ ಹಿಡಿದರೂ ತಿಂಗಳಿಗೆ ಸಿಗೋದು ಸುಮಾರು 8,667 ರೂಪಾಯಿ. ಹಳೇ ಪದ್ಧತಿಯಲ್ಲಿ, ಪೂರ್ಣ ಸೇವೆ ಆಗಿದ್ದರೆ, 60,000 ಮೂಲ ವೇತನಕ್ಕೆ 30,000 ಮತ್ತು ಅದರ ಮೇಲೆ ತುಟ್ಟಿಭತ್ಯೆ ಬರುತ್ತಿತ್ತು. ಸಾಮಾನ್ಯ ಆನ್ಯುಟಿಗೆ ತುಟ್ಟಿಭತ್ಯೆ ಇಲ್ಲ, ಮೊತ್ತ ವರ್ಷಗಟ್ಟಲೆ ಅಷ್ಟೇ ಇರುತ್ತದೆ. ನಿಜವಾದ ಚಿಂತೆ ಅದೇ.

ಅವರ ಹೆಂಡತಿಗೆ ಬೇರೆ ಆದಾಯವಿಲ್ಲ. ಪತಿ-ಪತ್ನಿ ಇಬ್ಬರ ಜೀವಿತಾವಧಿಗೂ ಪಿಂಚಣಿ, ನಂತರ 16 ಲಕ್ಷ ಮಕ್ಕಳಿಗೆ ವಾಪಸ್ ಅನ್ನೋ ಆಯ್ಕೆಯಲ್ಲಿ ತಿಂಗಳ ಹಣ ಕಡಿಮೆ. ಅಸಲು ವಾಪಸ್ ಬೇಡ ಅಂದರೆ ಸ್ವಲ್ಪ ಹೆಚ್ಚು. ಒಮ್ಮೆ ಪಾಲಿಸಿ ಆಗಿ ಪರಿಶೀಲನೆಯ ಅವಧಿ ಮುಗಿದರೆ ಬದಲಾಯಿಸಲು ಬರುವುದಿಲ್ಲ.

ಧಾರವಾಡ, ಗದಗ ಕಡೆ ಈಗಾಗಲೇ ನಿವೃತ್ತರಾದವರು ದಯವಿಟ್ಟು ತಿಳಿಸ್ರಿ: ಯಾವ ಆಯ್ಕೆ ತಗೊಂಡಿರಿ, ಎಷ್ಟು ದರ ಸಿಕ್ಕಿತು? ಇನ್ನೊಂದು, ಸಂಬಳದಲ್ಲಿ ಕಡಿತವಾಗಿಯೂ ಪ್ರಾನ್ ಸ್ಟೇಟ್‌ಮೆಂಟಿನಲ್ಲಿ ಎರಡು ತಿಂಗಳ ವಂತಿಗೆ ಕಾಣುತ್ತಿಲ್ಲ. ಆ ತಿಂಗಳುಗಳ ವೇತನ ಚೀಟಿ ತೆಗೆದಿಟ್ಟಿದ್ದಾರೆ. ಡಿಡಿಓ ಮೂಲಕ ಖಜಾನೆಗೆ ಕೊಡುವಾಗ ಇನ್ನೇನು ಜೋಡಿಸಬೇಕು?