ಜಿಎಸ್‌ಟಿ: ಕಾಂಪೊಸಿಷನ್‌ಗೆ ಹೋಗಲೋ, ರೆಗ್ಯುಲರ್‌ನಲ್ಲೇ ಇರಲೋ?

ಪ್ರಶ್ನೆ, ತಿಪಟೂರಿನ ಎಲೆಕ್ಟ್ರಿಕಲ್ ಅಂಗಡಿಯವರು: ಮೇಡಂ, ನಮ್ಮದು ವೈರು, ಸ್ವಿಚ್ಚು, ಪೈಪಿನ ಅಂಗಡಿ. ವರ್ಷಕ್ಕೆ 60 ಲಕ್ಷ ವ್ಯಾಪಾರ, ಅಷ್ಟು ಮಾಲಿಗೆ ಕೊಳ್ಳೋ ಬೆಲೆ 48 ಲಕ್ಷ. ಎರಡೂ ತೆರಿಗೆ ಸೇರಿ. ಎಲ್ಲಾ 18 ಪರ್ಸೆಂಟಿನ ಮಾಲು. ಈಗ ರೆಗ್ಯುಲರ್‌ನಲ್ಲಿದ್ದೀನಿ. ಕಾಂಪೊಸಿಷನ್‌ಗೆ ಹೋದ್ರೆ ಉಳಿಯುತ್ತಾ?

ಹಾರ್ಡ್‌ವೇರ್ ಅಂಗಡಿಯವರು: ಕಣ್ಣು ಮುಚ್ಕೊಂಡು ಹೋಗಿ ಸಾರ್. ಅದರಲ್ಲಿ ಒಟ್ಟು ಮಾರಾಟದ 1 ಪರ್ಸೆಂಟ್ ತೆರಿಗೆ, ಅಂದ್ರೆ 60 ಸಾವಿರ, ಅಲ್ಲಿಗೆ ಮುಗೀತು.

ತೆರಿಗೆ ಸಲಹೆಗಾರ್ತಿ: 60 ಸಾವಿರದ ಲೆಕ್ಕ ಸರಿ, ಆದ್ರೆ ಅಲ್ಲಿಗೆ ಮುಗಿಯಲ್ಲ. ಇನ್‌ಪುಟ್, ಅಂದ್ರೆ ಮಾಲು ಕೊಳ್ಳುವಾಗ ಕೊಟ್ಟ ತೆರಿಗೆ, ಕಳೆದ ಮೇಲೆ ಈಗ ನೀವು ಕಟ್ಟೋದು 12 ಲಕ್ಷ ಮಾರ್ಜಿನ್‌ನೊಳಗಿನ ತೆರಿಗೆ ಮಾತ್ರ. 118ರಲ್ಲಿ 18 ಪಾಲು, ಅಂದ್ರೆ ಸುಮಾರು 1.83 ಲಕ್ಷ. ಗಿರಾಕಿಗೆ ಅದೇ ಬೆಲೆಗೆ ಮಾರಿದ್ರೆ ಕಾಂಪೊಸಿಷನ್‌ನಲ್ಲಿ 1.23 ಲಕ್ಷ ಉಳಿಯುತ್ತೆ. 18 ಪರ್ಸೆಂಟಿನ ಮಾಲಿಗೆ ಮಾರ್ಜಿನ್ ಮಾರಾಟದ ಆರೂವರೆ ಪರ್ಸೆಂಟಿಗಿಂತ ಕಮ್ಮಿ ಇದ್ದವರಿಗೆ ಮಾತ್ರ ರೆಗ್ಯುಲರ್ ಅಗ್ಗ. ನಿಮ್ಮದು 20.

ಆದ್ರೆ ನಿಮ್ಮ ಹತ್ರ ಕಂಟ್ರಾಕ್ಟರ್‌ಗಳು ಎಷ್ಟು ಕೊಳ್ತಾರೆ? ಕಾಂಪೊಸಿಷನ್ ಬಿಲ್ಲಿನಲ್ಲಿ ತೆರಿಗೆ ಹಾಕೋ ಹಾಗಿಲ್ಲ, ಹಾಗಾಗಿ ಅವರು ತಮ್ಮ ತೆರಿಗೆಯಲ್ಲಿ ಕಳೆಯೋಕೆ ಇನ್‌ಪುಟ್ ಕ್ರೆಡಿಟ್ ಸಿಗಲ್ಲ. 20 ಲಕ್ಷದಷ್ಟು ಮಾಲು ಅವರಿಗೇ ಹೋಗ್ತಿದ್ರೆ, ಅವರನ್ನ ಉಳಿಸ್ಕೊಳ್ಳೋಕೆ ತೆರಿಗೆ ಬಿಟ್ಟ ಬೆಲೆಗೆ, ಅಂದ್ರೆ 16.95 ಲಕ್ಷಕ್ಕೆ ಇಳೀಬೇಕು. ಅಲ್ಲೇ ಮೂರು ಲಕ್ಷ ಹೋಯ್ತು, ಉಳಿಸಿದ್ದರ ಎರಡರಷ್ಟಕ್ಕಿಂತ ಜಾಸ್ತಿ.

ಜವಳಿ ಅಂಗಡಿಯವರು: ನಾವು ಸೀರೆ ಸೂರತ್‌ನಿಂದ ತರ್ತೀವಿ. ಹೊರ ರಾಜ್ಯ ಅಂದ್ಮೇಲೆ ಕಾಂಪೊಸಿಷನ್ ಇಲ್ವಲ್ಲ?

ತೆರಿಗೆ ಸಲಹೆಗಾರ್ತಿ: ತರೋಕೆ ಅಡ್ಡಿ ಇಲ್ಲಣ್ಣ, ಹೊರ ರಾಜ್ಯಕ್ಕೆ ಮಾರೋ ಹಾಗಿಲ್ಲ ಅಷ್ಟೆ. ಆದ್ರೆ ನಿಮ್ಮದು 5 ಪರ್ಸೆಂಟಿನ ಮಾಲು. ಮಾರ್ಜಿನ್ 21 ಪರ್ಸೆಂಟ್ ದಾಟದಿದ್ರೆ 1 ಪರ್ಸೆಂಟೇ ದುಬಾರಿ ಬೀಳುತ್ತೆ. ಇವರ ಉತ್ತರ ನಿಮಗೆ ಹೊಂದಲ್ಲ.

ತಿಪಟೂರಿನವರು: ಕಂಟ್ರಾಕ್ಟರ್‌ಗಳಲ್ಲಿ ಜಿಎಸ್‌ಟಿ ನಂಬರ್ ಕೊಡೋರು ಮೂರ್ನಾಲ್ಕು ಜನ. ಉಳಿದೋರು ಕೇಳೋದೇ ಇಲ್ಲ. ಎಷ್ಟು ಲಕ್ಷ ಅಂತ ಬಿಲ್ ನೋಡಿ ಕೂಡಬೇಕು.

ತೆರಿಗೆ ಸಲಹೆಗಾರ್ತಿ: ನಂಬರ್ ಹಾಕಿಸ್ಕೊಂಡ ಬಿಲ್ಲುಗಳನ್ನಷ್ಟೇ ಕೂಡಿ. ಸುಮಾರು 8 ಲಕ್ಷ ದಾಟಿದ್ರೆ ಲಾಭ ಅಲ್ಲೇ ಕರಗುತ್ತೆ. ಇನ್ನೊಂದು, ಗೋಡೌನ್‌ನಲ್ಲಿರೋ ಮಾಲಿಗೆ ತಗೊಂಡ ಕ್ರೆಡಿಟ್ ವಾಪಸ್ ಕಟ್ಟಬೇಕು, ಅದಕ್ಕೆ ITC-03 ಫಾರಂ. ತೆರಿಗೆ ಬಿಟ್ಟು 7 ಲಕ್ಷದ ಮಾಲಿದ್ರೆ 1.26 ಲಕ್ಷ, ಮೊದಲ ವರ್ಷದ ಉಳಿತಾಯ ಪೂರ್ತಿ ಅದಕ್ಕೇ ಹೋಗುತ್ತೆ. ಹೋಗೋದೇ ಆದ್ರೆ ಮಾರ್ಚ್ 31ರೊಳಗೆ CMP-02 ಫಾರಂ ಹಾಕಿ, ಅಷ್ಟರಲ್ಲಿ ಹಳೇ ಸ್ಟಾಕ್ ಆದಷ್ಟು ಖಾಲಿ ಮಾಡಿ.

ಹಾರ್ಡ್‌ವೇರ್ ಅಂಗಡಿಯವರು: ಸ್ಟಾಕ್ ಮೇಲೂ ಕಟ್ಟಬೇಕಾ? ನಾನು ಹೋದ ವರ್ಷವೇ ಬದಲಾಯಿಸಿದೆ, ಯಾರೂ ಹೇಳಲಿಲ್ಲ!

ತೆರಿಗೆ ಸಲಹೆಗಾರ್ತಿ: ನಿಮ್ಮ ಲೆಕ್ಕದವರನ್ನ ಇವತ್ತೇ ಕೇಳಿ.