ವೇರಿಯಬಲ್, ಪ್ರೊಬೇಷನ್, ನೋಟಿಸ್: ಮೂರನ್ನೂ ಒಟ್ಟಿಗೆ ಓದು

“ಮಾವ, ಬೆಂಗಳೂರು ಕಂಪನಿಯ ಆಫರ್ ಲೆಟರ್ ಬಂತು. 9 ಲಕ್ಷ ಸಿಟಿಸಿ, ಅದರಲ್ಲಿ 1.35 ಲಕ್ಷ ವೇರಿಯಬಲ್. ಪ್ರೊಬೇಷನ್ 6 ತಿಂಗಳು, ಆಮೇಲೆ ನೋಟಿಸ್ 90 ದಿನ. ಅಕ್ಟೋಬರ್ 1ಕ್ಕೆ ಸೇರಬೇಕು. ವೇರಿಯಬಲ್ ಎಲ್ರಿಗೂ ಸಿಗುತ್ತೆ ಅಂದ್ರು ರಿಕ್ರೂಟರ್. ಸಹಿ ಹಾಕ್ಲಾ?”

ಇವತ್ತೇ ಹಾಕ್ಬೇಡ ಮಾರಾಯ್ತಿ, ಮೊದ್ಲು ಒಂದು ಮೇಲ್ ಹಾಕು. ಮಳೆಗೆ ಇಲ್ಲಿ ನೆಟ್‌ವರ್ಕ್ ಹೋಗ್ತಾ ಬರ್ತಾ ಇದೆ, ಅದಕ್ಕೆ ವಾಯ್ಸ್ ಬಿಟ್ಟು ಟೈಪ್ ಮಾಡ್ತಿದ್ದೀನಿ.

ವೇರಿಯಬಲ್ ವರ್ಷ ಏಪ್ರಿಲ್‌ನಿಂದ ಮಾರ್ಚ್, ದುಡ್ಡು ಜೂನ್ ಸಂಬಳದ ಜೊತೆ ಅಂತಿಟ್ಕೋ. ನಿಂದು ಅರ್ಧ ವರ್ಷ, ಅಂದ್ರೆ 67,500. ಇದನ್ನ ಕಂಪನಿಯ ಸಾಧನೆ, ನಿನ್ನ ರೇಟಿಂಗ್ ಎರಡರಿಂದಲೂ ಗುಣಿಸೋ ಕಡೆ, ಕಂಪನಿ 80%, ನೀನು 90% ಆದ್ರೆ ಕೈಗೆ ಬರೋದು 48,600. ‘ಎಲ್ರಿಗೂ ಸಿಗುತ್ತೆ’ ಅನ್ನೋದು ಸುಳ್ಳಲ್ಲ, ಎಷ್ಟು ಸಿಗುತ್ತೆ ಅಂತ ಅವರು ಹೇಳಿಲ್ಲ ಅಷ್ಟೆ. ಇನ್ನು, ‘ಕನ್ಫರ್ಮ್ ಆದ ದಿನದಿಂದ ಮಾತ್ರ ಲೆಕ್ಕ’ ಅಂತ ಪಾಲಿಸಿಯಲ್ಲಿದ್ರೆ ನಿನ್ನ ಪ್ರೊಬೇಷನ್ ಮುಗಿಯೋದೇ ಮಾರ್ಚ್ 31ಕ್ಕೆ. ಆ ವರ್ಷ ಸೊನ್ನೆ. ಕನ್ಫರ್ಮೇಶನ್ ಪತ್ರ ಕೈಗೆ ಬರೋವರೆಗೆ ಪ್ರೊಬೇಷನ್ನೇ ಮುಂದುವರಿಯುತ್ತೆ ಅಂತ ಬರೆದಿರೋದೂ ಉಂಟು. ಹಾಗಾಗಿ 6 ತಿಂಗಳಾದ್ಮೇಲೆ ತಾನಾಗೇ ಕನ್ಫರ್ಮ್ ಆಗುತ್ತಾ, ಇಲ್ಲ ಪತ್ರ ಬೇಕಾ, ಎಷ್ಟು ದಿನ ವಿಸ್ತರಿಸಬಹುದು ಅಂತ ಕೇಳು.

ನೋಟಿಸ್ ಕೂಡ ಇಲ್ಲಿಗೇ ಬಂದು ಸಿಕ್ಕಿಹಾಕ್ಕೊಳ್ಳುತ್ತೆ. ದುಡ್ಡು ಕೊಡೋ ದಿನ ಕೆಲಸದಲ್ಲಿರಬೇಕು, ರಾಜೀನಾಮೆ ಕೊಟ್ಟಿರಬಾರದು ಅನ್ನೋ ಷರತ್ತು ಮಾಮೂಲಿ. ಮುಂದೊಂದು ವರ್ಷ ಏಪ್ರಿಲ್‌ನಲ್ಲಿ ರಾಜೀನಾಮೆ ಕೊಟ್ರೆ 90 ದಿನ ಜುಲೈವರೆಗೆ ಎಳೆಯುತ್ತೆ. ಜೂನ್‌ನಲ್ಲಿ ನೀನು ದುಡೀತಾನೇ ಇರ್ತೀಯಾ, ಇಡೀ ವರ್ಷದ ವೇರಿಯಬಲ್ ಮಾತ್ರ ಹೋಯ್ತು. ಬೇಗ ಬಿಡೋಕೆ ದುಡ್ಡು ಕಟ್ಟಬಹುದಾ ಅಂತ ನೋಡು. ‘ಕಂಪನಿ ಒಪ್ಪಿದರೆ’ ಅಂತಿದ್ರೆ ಅದು ನಿನ್ನ ಹಕ್ಕಲ್ಲ. ಕಟ್ಟೋದು ಬೇಸಿಕ್ ಮೇಲಾ, ಗ್ರಾಸ್ ಮೇಲಾ ಅನ್ನೋದ್ರಲ್ಲೇ ಮೊತ್ತ ದುಪ್ಪಟ್ಟಾಗಬಹುದು. ಪ್ರೊಬೇಷನ್‌ನಲ್ಲಿ ನೀನು ಎಷ್ಟು ದಿನ ಕೊಡ್ಬೇಕು, ಅವರು ನಿಂಗೆ ಎಷ್ಟು ಕೊಡ್ತಾರೆ, ಎರಡನ್ನೂ ಕೇಳು.

ಫೋನಲ್ಲಿ ಹೇಳಿದ್ದಕ್ಕೆ ಬೆಲೆ ಇಲ್ಲ. ‘ಈ ಪತ್ರಕ್ಕೆ ಮುಂಚಿನ ಮಾತುಕತೆ ಯಾವುದೂ ಅನ್ವಯಿಸಲ್ಲ’ ಅನ್ನೋ ಸಾಲು ಹೆಚ್ಚಾಗಿ ಕೊನೇ ಪುಟದಲ್ಲಿರುತ್ತೆ, ಹುಡುಕಿ ನೋಡು. ನಿನ್ನ ರಿಕ್ರೂಟರ್ ಕನ್ಸಲ್ಟೆನ್ಸಿಯವರಾದ್ರೆ ಅವರ ಮೇಲ್ ಸಾಲದು, ಕಂಪನಿ ಎಚ್‌ಆರ್‌ನ ಅಧಿಕೃತ ಐಡಿಯಿಂದಲೇ ಬರಲಿ. ತಿದ್ದಿದ ಲೆಟರ್ ಕೊಟ್ರೆ ಇನ್ನೂ ಒಳ್ಳೇದು. ಜೊತೆಗೆ ವೇರಿಯಬಲ್ ಪಾಲಿಸಿಯ ಪಿಡಿಎಫ್ ಕೇಳು.

‘ಪಾಲಿಸಿ ಸೇರಿದ್ಮೇಲೆ ತೋರಿಸ್ತೀವಿ’ ಅಂದ್ರೆ ಇದನ್ನ 7.65 ಲಕ್ಷದ ಕೆಲಸ ಅಂತಲೇ ತಿಳ್ಕೋ. ತಿಂಗಳಿಗೆ 63,750, ಅದರಲ್ಲೂ ಕಂಪನಿ ಕಟ್ಟೋ ಪಿಎಫ್, ಗ್ರಾಚ್ಯುಟಿ ಸೇರಿದ್ರೆ ಕೈಗೆ ಬರೋದು ಇನ್ನೂ ಕಮ್ಮಿ. ಪಿಜಿ ಬಾಡಿಗೆ, ಎಜುಕೇಶನ್ ಲೋನ್ ಕಂತು ಎಲ್ಲ ಆ ಲೆಕ್ಕದಲ್ಲೇ ಹಾಕು. ಮೇಲ್ ಬರೆದು ಕಳಿಸೋ ಮುಂಚೆ ಇಲ್ಲಿ ಹಾಕು, ನೋಡ್ತೀನಿ.